ಕಣ್ಣಿನ ಆಪರೇಷನ್ ಚೀಟಿಯಲ್ಲಿದ್ದ 1.1

ಜೂನ್ ತಿಂಗಳ ಒಂದು ಸಂಜೆ ಮೇಷ್ಟ್ರು ಕ್ಲಿನಿಕ್ಕಿಗೆ ಬಂದಾಗ ಜೊತೆಗೆ ಮಗನೂ ಇದ್ದ. ಬೆಂಗಳೂರಿನಲ್ಲಿ ಕೆಲಸ, ರಜೆ ಹಾಕಿ ಊರಿಗೆ ಬಂದಿದ್ದ. ಅವನ ಕೈಯಲ್ಲಿ ಲ್ಯಾಬಿನ ಹಾಳೆ. ಅದರಲ್ಲಿ ಕ್ರಿಯಾಟಿನಿನ್ 1.9 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

"ಡಾಕ್ಟ್ರೇ, ಅಪ್ಪಂಗೆ ಕಿಡ್ನಿ ಪ್ರಾಬ್ಲಮ್ ಅಂತೆ. ಕಿಡ್ನಿ ಸ್ಪೆಷಲಿಸ್ಟ್‌ಗೆ ಒಂದು ಲೆಟರ್ ಬರ್ಕೊಡಿ, ನಾಳೆನೇ ಕರ್ಕೊಂಡು ಹೋಗ್ತೀನಿ" ಎಂದ.

ಮೇಷ್ಟ್ರಿಗೆ 72 ವರ್ಷ. ಹದಿನಾಲ್ಕು ವರ್ಷದಿಂದ ಶುಗರ್, ಹತ್ತು ವರ್ಷದಿಂದ ಬಿ.ಪಿ. ಪತ್ರ ಬರೆಯಲೇಬೇಕು ಎಂಬುದರಲ್ಲಿ ನನಗೂ ಅನುಮಾನವಿರಲಿಲ್ಲ. ಆದರೆ ಅಂದು ಬರೆಯಲಿಲ್ಲ, ಎರಡು ವಾರ ಬಿಟ್ಟು ಬರೆದೆ. ಆ ಎರಡು ವಾರದಲ್ಲಿ ಏನು ನಡೆಯಿತು, ಪತ್ರದಲ್ಲಿ ಏನಿತ್ತು ಎಂಬುದನ್ನು ಇಲ್ಲಿ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಾಗೆ ತಡೆದು ಬರೆಯುವುದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬ ಅಜ್ಜಿಯನ್ನು ಕಿಡ್ನಿ ತಜ್ಞರಿಗೆ ಕಳಿಸಿದ್ದೆ. ಪತ್ರದಲ್ಲಿದ್ದದ್ದು ಒಂದೇ ಸಾಲು: ಕ್ರಿಯಾಟಿನಿನ್ 2.1 ಇದೆ, ದಯವಿಟ್ಟು ನೋಡಿ ಚಿಕಿತ್ಸೆ ಕೊಡಿ. ಅಜ್ಜಿ ಬೆಳಗಿನ ಜಾವದ ಬಸ್ಸಿಗೆ ಹೋಗಿ ರಾತ್ರಿ ಮರಳಿದರು. ತಜ್ಞರು ಅದೇ ಪರೀಕ್ಷೆಗಳನ್ನು ಮತ್ತೆ ಬರೆದುಕೊಟ್ಟು, ಹಳೆಯ ರಿಪೋರ್ಟುಗಳನ್ನು ತೆಗೆದುಕೊಂಡು ಮೂರು ವಾರ ಬಿಟ್ಟು ಬನ್ನಿ ಎಂದಿದ್ದರು. ಆ ಹಳೆಯ ರಿಪೋರ್ಟುಗಳು ನನ್ನ ಮೇಜಿನ ಡ್ರಾಯರಿನಲ್ಲೇ ಇದ್ದವು. ಅವುಗಳಲ್ಲಿದ್ದ ನಾಲ್ಕು ಅಂಕೆಗಳನ್ನು ಬರೆದು ಕಳಿಸಿದ್ದರೆ ಅಜ್ಜಿಗೆ ಎರಡನೆಯ ಪ್ರಯಾಣ ತಪ್ಪುತ್ತಿತ್ತು.

ಒಂದು ಅಂಕೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಕ್ರಿಯಾಟಿನಿನ್ ವಿಷವೇನಲ್ಲ. ನಮ್ಮ ಸ್ನಾಯುಗಳು ದಿನವೂ ಹೊರಹಾಕುವ ಒಂದು ತ್ಯಾಜ್ಯ. ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ. ಸೋಸುವ ಕೆಲಸ ಕುಂದಿದರೆ ಅದು ರಕ್ತದಲ್ಲಿ ಉಳಿದುಕೊಳ್ಳುತ್ತದೆ. ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಅಳೆದು, ಕಿಡ್ನಿ ಎಷ್ಟು ಸೋಸುತ್ತಿರಬಹುದು ಎಂದು ಊಹಿಸುತ್ತೇವೆ.

ತೊಡಕಿರುವುದು ಇಲ್ಲಿಯೇ. ಸ್ನಾಯು ಕಡಿಮೆಯಿದ್ದವರಲ್ಲಿ ತಯಾರಾಗುವ ಕ್ರಿಯಾಟಿನಿನ್ನೂ ಕಡಿಮೆ. ಹಾಗಾಗಿ ವಯಸ್ಸಾಗಿ ಸೊರಗಿದವರ ಕಿಡ್ನಿ ಸಾಕಷ್ಟು ಸೋತಿದ್ದರೂ ರಿಪೋರ್ಟಿನ ಅಂಕೆ ಸಾಧಾರಣವಾಗಿಯೇ ಕಾಣಬಹುದು. ಅದಕ್ಕೇ ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಲೆಕ್ಕ ಹಾಕುವ ಸೂತ್ರವೊಂದಿದೆ. ಈಗ ಹೆಚ್ಚು ಬಳಕೆಯಲ್ಲಿರುವುದು 2021ರಲ್ಲಿ ಪರಿಷ್ಕರಿಸಿದ ಸಿಕೆಡಿ-ಇಪಿಐ ಸೂತ್ರ. ಅದರಿಂದ ಬರುವ ಅಂಕೆಗೆ ಇ-ಜಿಎಫ್‌ಆರ್ ಎನ್ನುತ್ತಾರೆ. ಕಿಡ್ನಿಗಳು ನಿಮಿಷಕ್ಕೆ ಅಂದಾಜು ಎಷ್ಟು ಮಿಲಿಲೀಟರ್ ಸೋಸುತ್ತಿವೆ ಎಂಬುದು ಅದರ ಅರ್ಥ. ಕ್ರಿಯಾಟಿನಿನ್ 1.1 ಇರುವ 25ರ ಹುಡುಗನಿಗೆ ಈ ಲೆಕ್ಕ ಹಾಕಿದರೆ 96 ಬರುತ್ತದೆ. ಅದೇ 1.1 ಇರುವ 72ರ ಅಜ್ಜಿಗೆ 53 ಬರುತ್ತದೆ. ಇಬ್ಬರ ರಿಪೋರ್ಟಿನಲ್ಲೂ ಆ ಅಂಕೆ 'ನಾರ್ಮಲ್' ಎಂದೇ ಅಚ್ಚಾಗಿರುವುದು ಅಪರೂಪವಲ್ಲ.

ಇದೂ ಅಂದಾಜೇ. ತೀರಾ ತೆಳ್ಳಗಿರುವವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಹಿಂದಿನ ರಾತ್ರಿ ಹೊಟ್ಟೆತುಂಬ ಮಾಂಸದೂಟ ಮಾಡಿದ್ದರೆ, ವಾಂತಿ ಭೇದಿಯಿಂದ ನೀರು ಕಳೆದುಕೊಂಡಿದ್ದರೆ ಕ್ರಿಯಾಟಿನಿನ್ ತಾತ್ಕಾಲಿಕವಾಗಿ ಏರುತ್ತದೆ. ಒಂದು ಲ್ಯಾಬಿನ ವಿಧಾನಕ್ಕೂ ಇನ್ನೊಂದರ ವಿಧಾನಕ್ಕೂ ಸಣ್ಣ ವ್ಯತ್ಯಾಸವಿರುತ್ತದೆ. ಹೀಗಾಗಿ 1.9 ಎಂಬ ಒಂಟಿ ಅಂಕೆಯನ್ನು ಹಿಡಿದುಕೊಂಡು ಹೋದರೆ ಕಿಡ್ನಿ ತಜ್ಞರು ಕೇಳುವ ಮೊದಲ ಪ್ರಶ್ನೆಗೇ ಉತ್ತರವಿರುವುದಿಲ್ಲ: ಇದು ಈಗ ಏರಿದ್ದೋ, ಮೊದಲಿನಿಂದ ಏರುತ್ತಾ ಬಂದದ್ದೋ?

ಇದಕ್ಕೆ ಉತ್ತರ ಇರುವುದು ಹಳೆಯ ಕಾಗದಗಳಲ್ಲಿ. ಮನೆಯಲ್ಲಿರುವ ರಿಪೋರ್ಟುಗಳನ್ನೆಲ್ಲ, ಯಾವುದಕ್ಕೆ ಮಾಡಿಸಿದ್ದಾದರೂ ಸರಿ, ಮಾರನೆಯ ದಿನ ತರಲು ಮಗನಿಗೆ ಹೇಳಿದೆ. ನುಂಗುವ ಮಾತ್ರೆಗಳ ಚೀಟಿ ಬೇಡ, ಮಾತ್ರೆಗಳನ್ನೇ ತನ್ನಿ ಎಂದೆ.

ಬಟ್ಟೆ ಅಂಗಡಿಯ ಕವರಿನಲ್ಲಿ ಸಿಕ್ಕಿದ್ದು

ಮಾರನೆಯ ದಿನ ಮೇಷ್ಟ್ರ ಹೆಂಡತಿಯೂ ಬಂದರು, ಬಟ್ಟೆ ಅಂಗಡಿಯ ಒಂದು ಕವರಿನಲ್ಲಿ ಎಲ್ಲವನ್ನೂ ತುಂಬಿಕೊಂಡು. ಬಿ.ಪಿ.ಗೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ, ಶುಗರಿಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್. ಇವೆಲ್ಲ ನಾನೇ ಬರೆದುಕೊಟ್ಟವು. ಕವರಿನ ತಳದಲ್ಲಿ ಅರ್ಧ ಖಾಲಿಯಾದ ಇನ್ನೊಂದು ಪಟ್ಟಿ ಇತ್ತು, ಅಸೆಕ್ಲೋಫೆನಾಕ್.

"ಇದು ಯಾರದ್ದು?"

"ಅದು ಮಾತ್ರೆ ಅಲ್ಲ ಸಾರ್, ಮಂಡಿ ನೋವಿಗೆ" ಎಂದರು ಮೇಷ್ಟ್ರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಫೆಬ್ರವರಿಯಿಂದ, ಅಂದರೆ ನಾಲ್ಕು ತಿಂಗಳಿನಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ತೆಗೆದುಕೊಳ್ಳುತ್ತಿದ್ದರು. ಬೇರೆ ಮಾತ್ರೆ ನುಂಗುತ್ತೀರಾ ಎಂದು ಹಿಂದಿನ ದಿನ ಕೇಳಿದಾಗ ಇಲ್ಲ ಎಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಬಹಳ ಮನೆಗಳಲ್ಲಿ ನೋವಿನ ಮಾತ್ರೆ ಔಷಧಿಯ ಲೆಕ್ಕಕ್ಕೆ ಬರುವುದಿಲ್ಲ.

ಈ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ಏಕೆ ಕಷ್ಟ ಎಂಬುದನ್ನು ಹೀಗೆ ತಿಳಿಯಬಹುದು. ಕಿಡ್ನಿಯೊಳಗಿನ ಪ್ರತಿಯೊಂದು ಸಣ್ಣ ಸೋಸಕಕ್ಕೂ ರಕ್ತ ಬರುವ ಒಂದು ನಾಳ, ಹೋಗುವ ಒಂದು ನಾಳ ಇವೆ. ಎರಡರ ನಡುವೆ ಒತ್ತಡವಿದ್ದರೆ ಮಾತ್ರ ಸೋಸುವಿಕೆ ನಡೆಯುತ್ತದೆ. ನೋವಿನ ಮಾತ್ರೆ ಬರುವ ನಾಳವನ್ನು ಕಿರಿದಾಗಿಸುತ್ತದೆ. ಟೆಲ್ಮಿಸಾರ್ಟಾನ್ ಹೋಗುವ ನಾಳವನ್ನು ಸಡಿಲಿಸುತ್ತದೆ. ಹೈಡ್ರೋಕ್ಲೋರೋಥಯಾಜೈಡ್ ಮೂತ್ರ ಹೆಚ್ಚಿಸಿ ದೇಹದ ನೀರನ್ನು ಇಳಿಸುತ್ತದೆ. ಮೇಲಿನ ತೂಬು ಮುಚ್ಚಿ, ಕೆಳಗಿನ ತೂಬು ತೆರೆದು, ಕೆರೆಯ ನೀರನ್ನೂ ಇಳಿಸಿದರೆ ಕಾಲುವೆಯಲ್ಲಿ ಒತ್ತಡ ಎಲ್ಲಿಂದ ಬರಬೇಕು? ಬಿ.ಪಿ. ಮಾತ್ರೆಗಳೆರಡೂ ತಮ್ಮಷ್ಟಕ್ಕೆ ಒಳ್ಳೆಯವೇ. ಟೆಲ್ಮಿಸಾರ್ಟಾನ್ ಅಂತೂ ಶುಗರ್ ಇರುವವರ ಕಿಡ್ನಿಯನ್ನು ಕಾಯುವ ಔಷಧಿ. ಕೆಡಿಸಿದ್ದು ಮೂರನೆಯದು ಬಂದು ಸೇರಿದ್ದು.

ರಕ್ತದಲ್ಲಿ ಪೊಟ್ಯಾಸಿಯಂ 5.4 ಇತ್ತು, ಸ್ವಲ್ಪ ಹೆಚ್ಚು. ಅದಕ್ಕೂ ಒಂದು ಕಾರಣ ಸಿಕ್ಕಿತು. ಕಿಡ್ನಿಗೆ ತಂಪು ಎಂದು ಯಾರೋ ಹೇಳಿದ್ದರಿಂದ ಒಂದು ವಾರದಿಂದ ಮನೆಯ ತೋಟದ ಎಳನೀರನ್ನು ದಿನಕ್ಕೆ ಎರಡು ಕುಡಿಯುತ್ತಿದ್ದರು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ. ಚೆನ್ನಾಗಿರುವ ಕಿಡ್ನಿ ಅದನ್ನು ಹೊರಹಾಕುತ್ತದೆ, ಸೋತ ಕಿಡ್ನಿ ಹಾಕಲಾರದು. ಪೊಟ್ಯಾಸಿಯಂ 6 ದಾಟಿದರೆ ಹೃದಯದ ಬಡಿತವೇ ತಪ್ಪುವ ಅಪಾಯವಿದೆ.

ನೋವಿನ ಮಾತ್ರೆ, ಎಳನೀರು ಎರಡನ್ನೂ ನಿಲ್ಲಿಸಿದೆ. ಮಂಡಿಗೆ ಪ್ಯಾರಾಸಿಟಮಾಲ್ ಕೊಟ್ಟೆ. ಬಿ.ಪಿ. ಮಾತ್ರೆಯನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಪೊಟ್ಯಾಸಿಯಂ 5.0ಕ್ಕೆ ಇಳಿಯಿತು. ಎರಡು ವಾರಕ್ಕೆ, ಅದೇ ಲ್ಯಾಬಿನಲ್ಲಿ, ಕ್ರಿಯಾಟಿನಿನ್ 1.6 ಬಂತು.

ಮಗನಿಗೆ ನೆಮ್ಮದಿಯಾಯಿತು. "ಮಾತ್ರೆಯಿಂದ ಆಗಿದ್ದು, ಬಿಟ್ಟ ಮೇಲೆ ಇಳೀತು. ಇನ್ನು ಸ್ಪೆಷಲಿಸ್ಟ್ ಯಾಕೆ ಡಾಕ್ಟ್ರೇ?"

ಕೈಯಲ್ಲಿ 1.9 ಮತ್ತು 1.6 ಎರಡೇ ಇದ್ದಿದ್ದರೆ ನಾನೂ ಹಾಗೆಯೇ ಯೋಚಿಸುತ್ತಿದ್ದೆನೇನೋ. ಆದರೆ ಅದೇ ಕವರಿನಲ್ಲಿ ಇನ್ನೆರಡು ಕಾಗದಗಳಿದ್ದವು. ಒಂದು 2024ರ ಜುಲೈನಲ್ಲಿ ಶುಗರಿಗೆ ಮಾಡಿಸಿದ ಪರೀಕ್ಷೆ, ಕ್ರಿಯಾಟಿನಿನ್ 1.3. ಇನ್ನೊಂದು 2023ರ ಮಾರ್ಚಿನದು. ಕಣ್ಣಿನ ಪೊರೆಯ ಆಪರೇಷನ್ನಿಗೆ ಮೊದಲು ಮಾಡಿಸಿದ್ದ ರಕ್ತಪರೀಕ್ಷೆಯ ಚೀಟಿ, ಮಡಿಕೆಯಲ್ಲಿ ಹರಿದಿತ್ತು. ಅದರಲ್ಲಿ 1.1 ಎಂದಿತ್ತು.

ವಯಸ್ಸು ಸೇರಿಸಿ ಲೆಕ್ಕ ಹಾಕಿದೆ. 2023ರಲ್ಲಿ ಇ-ಜಿಎಫ್‌ಆರ್ 72. 2024ರಲ್ಲಿ 59. ನೋವಿನ ಮಾತ್ರೆಯ ಏಟು ಬಿದ್ದಾಗ 37. ಅದನ್ನು ಬಿಟ್ಟ ಮೇಲೆ 45.

ನಲವತ್ತು ದಾಟಿದ ಮೇಲೆ ಕಿಡ್ನಿಯ ಶಕ್ತಿ ವರ್ಷಕ್ಕೆ ಸುಮಾರು 1ರಷ್ಟು ಇಳಿಯುವುದು ಸಹಜ. ಮೇಷ್ಟ್ರಿಗೆ ಹದಿನಾರು ತಿಂಗಳಲ್ಲಿ 13 ಇಳಿದಿತ್ತು, ಅದೂ ನೋವಿನ ಮಾತ್ರೆ ಶುರುವಾಗುವ ಏಳು ತಿಂಗಳ ಮೊದಲೇ. ಎರಡು ಬೇರೆ ಲ್ಯಾಬುಗಳ ಅಂಕೆಗಳಾದ್ದರಿಂದ ಅದೊಂದನ್ನೇ ನಂಬುವ ಹಾಗಿರಲಿಲ್ಲ. ಬೆಳಗಿನ ಮೊದಲ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಸೋರುತ್ತಿದೆ ಎಂದು ನೋಡಿಸಿದೆ. 30ಕ್ಕಿಂತ ಕಡಿಮೆ ಇರಬೇಕಾದ ಅಂಕೆ 420 ಇತ್ತು. ಅಂದರೆ ಇಳಿಜಾರು ನಿಜವಾಗಿಯೂ ಮೊದಲೇ ಇತ್ತು. ನೋವಿನ ಮಾತ್ರೆ ಆ ಇಳಿಜಾರಿನಲ್ಲಿ ಅವರನ್ನು ಮುಂದಕ್ಕೆ ತಳ್ಳಿತ್ತು, ಅಷ್ಟೇ. ತಳ್ಳಿದ ಕೈ ಹೋದರೂ ಇಳಿಜಾರು ಹಾಗೆಯೇ ಉಳಿದಿತ್ತು. ತಜ್ಞರು ಬೇಕಾಗಿದ್ದು ಅದಕ್ಕೆ.

ಪತ್ರ

ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅದು ಹೀಗಿದೆ:

*ಮಾನ್ಯ ಡಾಕ್ಟರೇ,*

*72 ವರ್ಷದ ಈ ನಿವೃತ್ತ ಶಿಕ್ಷಕರಿಗೆ ಎರಡು ವರ್ಷದಿಂದ ಕಿಡ್ನಿಯ ಶಕ್ತಿ ಇಳಿಯುತ್ತಾ ಬಂದಿದೆ, ಮೂತ್ರದಲ್ಲಿ ಆಲ್ಬುಮಿನ್ ಹೆಚ್ಚಾಗಿದೆ. ಎರಡು ವಾರದೊಳಗೆ ನೋಡಬೇಕೆಂದು ಕೋರುತ್ತೇನೆ. ನನ್ನ ಪ್ರಶ್ನೆಗಳು ಮೂರು. ಇದು ಸಕ್ಕರೆ ಕಾಯಿಲೆಯಿಂದಲೇ ಆದದ್ದೋ, ಬೇರೆ ಕಾರಣ ಹುಡುಕಬೇಕೋ? ಪೊಟ್ಯಾಸಿಯಂ ಈ ಮಟ್ಟದಲ್ಲಿರುವಾಗ ಟೆಲ್ಮಿಸಾರ್ಟಾನ್ ಪ್ರಮಾಣ ಹೆಚ್ಚಿಸಬಹುದೋ? ಡಾಪಾಗ್ಲಿಫ್ಲೋಜಿನ್ ಶುರು ಮಾಡಬಹುದೋ?*

*ಕ್ರಿಯಾಟಿನಿನ್: ಮಾರ್ಚ್ 2023ರಲ್ಲಿ 1.1, ಜುಲೈ 2024ರಲ್ಲಿ 1.3, ಜೂನ್ 2025ರ ಮೊದಲ ವಾರ 1.9, ಎರಡು ವಾರದ ನಂತರ 1.6. ಕೊನೆಯ ಎರಡು ಒಂದೇ ಲ್ಯಾಬಿನವು. 1.9 ಬಂದಾಗ ನಾಲ್ಕು ತಿಂಗಳಿನಿಂದ ಅಸೆಕ್ಲೋಫೆನಾಕ್ ದಿನಕ್ಕೆ ಎರಡು ನುಂಗುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲಿನದು 1.6. ನಾಟಿ ಔಷಧಿ, ಭಸ್ಮ ತೆಗೆದುಕೊಂಡಿಲ್ಲ.*

*ಬಿ.ಪಿ. 152/84. ಪೊಟ್ಯಾಸಿಯಂ 5.4 ಇದ್ದದ್ದು ಎಳನೀರು ಬಿಟ್ಟ ಮೇಲೆ 5.0. ಹಿಮೋಗ್ಲೋಬಿನ್ 10.9, ಕ್ಯಾಲ್ಸಿಯಂ ಸರಿಯಾಗಿದೆ. ಮೂತ್ರದಲ್ಲಿ ಕೆಂಪು ರಕ್ತಕಣಗಳಿಲ್ಲ. ಸ್ಕ್ಯಾನಿಂಗಿನಲ್ಲಿ ಎರಡೂ ಕಿಡ್ನಿ ಸುಮಾರು 9.5 ಸೆಂ.ಮೀ., ಊತವಿಲ್ಲ, ಮೂತ್ರ ಮಾಡಿದ ಮೇಲೆ ಚೀಲದಲ್ಲಿ ಉಳಿದದ್ದು 35 ಮಿ.ಲೀ. ಕಣ್ಣಿನ ಪರದೆಯಲ್ಲಿ ಸಕ್ಕರೆ ಕಾಯಿಲೆಯ ಬದಲಾವಣೆಗಳಿವೆ.*

*ತೋಟಕ್ಕೆ ದಿನವೂ ನಡೆದು ಹೋಗುತ್ತಾರೆ, ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ಡಯಾಲಿಸಿಸ್ ಎಂದರೆ ಬಹಳ ಭಯ. ಇನ್ನೂ ಆ ಮಾತು ಬಂದಿಲ್ಲ ಎಂದು ತಿಳಿಸಿದ್ದೇನೆ. ಮುಂದಿನ ರಕ್ತಪರೀಕ್ಷೆಗಳನ್ನು ಇಲ್ಲಿಯೇ ಮಾಡಿಸಿ ನಿಮಗೆ ತಿಳಿಸಬಲ್ಲೆ.*

ಇಷ್ಟೇ, ಒಂದು ಪುಟ. ಇದರಲ್ಲಿ ಮೇಲ್ನೋಟಕ್ಕೆ ಮುಖ್ಯವಲ್ಲವೆನಿಸುವ ಕೆಲವು ಮಾತುಗಳು ಏಕಿವೆ ಎಂದು ಹೇಳಬೇಕು.

ಪ್ರಶ್ನೆಗಳನ್ನು ಮೊದಲೇ ಬರೆದದ್ದು, ತಜ್ಞರು ಕೆಳಗಿನ ಅಂಕೆಗಳನ್ನೆಲ್ಲ ಆ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಓದಲಿ ಎಂದು. ಪ್ರಶ್ನೆಯಿಲ್ಲದ ಪತ್ರಕ್ಕೆ ಬರುವ ಉತ್ತರವೂ ಬರಿಯ ಔಷಧಿಗಳ ಪಟ್ಟಿಯಾಗಿಬಿಡುತ್ತದೆ.

ಚೀಲದಲ್ಲಿ ಉಳಿದ ಮೂತ್ರದ ಲೆಕ್ಕ ಬರೆದದ್ದು ಪ್ರಾಸ್ಟೇಟ್ ಗ್ರಂಥಿಗಾಗಿ. ವಯಸ್ಸಾದ ಗಂಡಸರಲ್ಲಿ ಅದು ಊದಿ ಮೂತ್ರವನ್ನು ತಡೆದು, ಹಿಂದಕ್ಕೆ ಕಿಡ್ನಿಯವರೆಗೂ ಒತ್ತಡ ಬೀಳಬಹುದು. ಹಾಗಿದ್ದರೆ ಮೊದಲು ಹೋಗಬೇಕಾದದ್ದು ಮೂತ್ರನಾಳದ ಸರ್ಜನ್ನರ ಬಳಿಗೆ. 35 ಮಿ.ಲೀ. ಎಂದರೆ ಅಡ್ಡಿಯಿಲ್ಲ ಎಂದರ್ಥ.

ಕ್ಯಾಲ್ಸಿಯಂ ಬರೆದದ್ದು ಇನ್ನೊಂದು ಅನುಮಾನಕ್ಕೆ. ವಯಸ್ಸಾದವರಲ್ಲಿ ರಕ್ತ ಕಡಿಮೆಯಾಗಿ, ಬೆನ್ನು ನೋವು ಬಂದು, ಕ್ಯಾಲ್ಸಿಯಂ ಏರಿ, ಜೊತೆಗೆ ಕಿಡ್ನಿಯೂ ಕೆಡುತ್ತಿದ್ದರೆ ಅದು ಮೈಲೋಮಾ ಎಂಬ ಮೂಳೆಮಜ್ಜೆಯ ಕ್ಯಾನ್ಸರ್ ಇರಬಹುದು. ಮೇಷ್ಟ್ರಿಗೆ ಹಿಮೋಗ್ಲೋಬಿನ್ ಕಡಿಮೆಯಿತ್ತು, ಉಳಿದವು ಇರಲಿಲ್ಲ.

ಕಣ್ಣಿನ ಪರದೆಯ ಮಾತು ಮೊದಲ ಪ್ರಶ್ನೆಗೆ ಸಂಬಂಧಿಸಿದ್ದು. ಸಕ್ಕರೆ ಕಾಯಿಲೆ ಕಣ್ಣಿನ ಸಣ್ಣ ರಕ್ತನಾಳಗಳನ್ನೂ ಕಿಡ್ನಿಯ ಸಣ್ಣ ರಕ್ತನಾಳಗಳನ್ನೂ ಒಂದೇ ರೀತಿ ಹಾಳುಮಾಡುತ್ತದೆ. ಕಣ್ಣಿನಲ್ಲಿ ಅದರ ಗುರುತು ಕಂಡರೆ ಕಿಡ್ನಿಯಲ್ಲೂ ಅದೇ ಕಾರಣವಿರುವ ಸಂಭವ ಹೆಚ್ಚು. ಕಣ್ಣು ಪೂರ್ತಿ ಚೆನ್ನಾಗಿದ್ದು ಆಲ್ಬುಮಿನ್ ಮಾತ್ರ ಸೋರುತ್ತಿದ್ದರೆ, ಅಥವಾ ಮೂತ್ರದಲ್ಲಿ ಕೆಂಪು ರಕ್ತಕಣ ಕಂಡರೆ, ತಜ್ಞರು ಕಿಡ್ನಿಯ ಸಣ್ಣ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯ ಬಗ್ಗೆ ಯೋಚಿಸುತ್ತಾರೆ.

ಇನ್ನು ತೋಟ ಮತ್ತು ಭಯ. 72ರಲ್ಲಿ ನಡೆದು ತೋಟಕ್ಕೆ ಹೋಗುವವರಿಗೂ ಹಾಸಿಗೆ ಹಿಡಿದವರಿಗೂ ಒಂದೇ ಚಿಕಿತ್ಸೆ ಹೊಂದುವುದಿಲ್ಲ. ರೋಗಿ ತನ್ನ ಕಾಯಿಲೆಯ ಬಗ್ಗೆ ಎಷ್ಟು ತಿಳಿದಿದ್ದಾರೆ, ಯಾವುದಕ್ಕೆ ಹೆದರಿದ್ದಾರೆ ಎಂಬುದು ಗೊತ್ತಿಲ್ಲದೆ ತಜ್ಞರು ಆಡಿದ ಒಂದು ಮಾತಿಗೇ ಬೆದರಿ ಮತ್ತೆ ಆಸ್ಪತ್ರೆಯ ಕಡೆ ಹೋಗದವರನ್ನು ಕಂಡಿದ್ದೇನೆ.

ಪತ್ರಕ್ಕೆ ಕಾಯಬಾರದ ಹೊತ್ತು

ಎರಡು ವಾರ ಕಾದೆ ಎಂದೆ. ಎಲ್ಲರಿಗೂ ಕಾಯುವ ಹಾಗಿಲ್ಲ. ಮೇಷ್ಟ್ರು ಚೆನ್ನಾಗಿ ಮೂತ್ರ ಮಾಡುತ್ತಿದ್ದರು, ಏದುಸಿರಿರಲಿಲ್ಲ, ಪೊಟ್ಯಾಸಿಯಂ ಅಪಾಯದ ಮಟ್ಟದಲ್ಲಿರಲಿಲ್ಲ, ನಾಲ್ಕನೆಯ ದಿನವೇ ಮತ್ತೆ ರಕ್ತ ನೋಡುವ ಅನುಕೂಲವಿತ್ತು. ಮೂತ್ರ ನಿಂತುಹೋದರೆ ಅಥವಾ ತೀರಾ ಕಡಿಮೆಯಾದರೆ, ಮಲಗಿದಾಗ ಉಸಿರು ಕಟ್ಟಿದರೆ, ಪೊಟ್ಯಾಸಿಯಂ 6 ದಾಟಿದರೆ, ಕೆಲವೇ ದಿನಗಳಲ್ಲಿ ಕ್ರಿಯಾಟಿನಿನ್ ಒಂದೂವರೆ ಪಟ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ಅಂದೇ ಆಸ್ಪತ್ರೆ ಸೇರಬೇಕು. ಆಗ ಪತ್ರಕ್ಕಿಂತ ಮೊದಲು ಫೋನ್ ಹೋಗಬೇಕು.

ಇನ್ನೊಂದು ತಪ್ಪು ಇದಕ್ಕೆ ತಿರುವುಮುರುವಾದದ್ದು. ಕ್ರಿಯಾಟಿನಿನ್ ಏರಿತು ಎಂದ ಕೂಡಲೇ ಟೆಲ್ಮಿಸಾರ್ಟಾನ್‌ನಂಥ ಮಾತ್ರೆಯನ್ನು ಮನೆಯವರೇ ನಿಲ್ಲಿಸಿಬಿಡುವುದು. ಈ ಮಾತ್ರೆ ಶುರು ಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರುವುದು ನಿರೀಕ್ಷಿತವೇ. ಮೊದಲ ನಾಲ್ಕು ವಾರದಲ್ಲಿ ಶೇ 30ರವರೆಗಿನ ಏರಿಕೆಗೆ ಮಾತ್ರೆ ಬಿಡಬೇಕಿಲ್ಲ ಎಂದು ಕಿಡ್ನಿ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಹೇಳುತ್ತವೆ. ಬಿಟ್ಟರೆ ರಿಪೋರ್ಟು ಕೆಲವು ದಿನ ಚೆನ್ನಾಗಿ ಕಾಣುತ್ತದೆ, ಆದರೆ ಕಿಡ್ನಿಗೆ ಇದ್ದ ಕಾವಲು ಹೋಗುತ್ತದೆ. ವಾಂತಿ ಭೇದಿಯ ದಿನಗಳು ಮಾತ್ರ ಬೇರೆ. ಆಗ ಯಾವ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು ಎಂದು ವೈದ್ಯರಿಂದ ಮೊದಲೇ ಬರೆಸಿಕೊಂಡಿರಬೇಕು.

ಉತ್ತರ

ಹತ್ತನೆಯ ದಿನ ಮೇಷ್ಟ್ರು ತಜ್ಞರನ್ನು ಕಂಡರು. ಮೊದಲ ಭೇಟಿಯಲ್ಲೇ ಉತ್ತರ ಸಿಕ್ಕಿತು. ಸಕ್ಕರೆ ಕಾಯಿಲೆಯ ಕಿಡ್ನಿ ತೊಂದರೆ, ಅದರ ಮೇಲೆ ನೋವಿನ ಮಾತ್ರೆಯ ಏಟು. ಸದ್ಯಕ್ಕೆ ಬಯಾಪ್ಸಿ ಬೇಡ. ಡಾಪಾಗ್ಲಿಫ್ಲೋಜಿನ್ 10 ಮಿ.ಗ್ರಾಂ. ಶುರುವಾಯಿತು. ಮೂಲತಃ ಶುಗರಿಗೆಂದು ಬಂದ ಈ ಮಾತ್ರೆ ಕಿಡ್ನಿಯ ಇಳಿಕೆಯನ್ನು ನಿಧಾನಗೊಳಿಸುತ್ತದೆ ಎಂಬುದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಿಂದ ಸ್ಪಷ್ಟವಾಗಿದೆ. ಟೆಲ್ಮಿಸಾರ್ಟಾನ್ ಹೆಚ್ಚಿಸುವುದನ್ನು ಮುಂದಿನ ಪೊಟ್ಯಾಸಿಯಂ ನೋಡಿ ನಿರ್ಧರಿಸೋಣ ಎಂದು ಬರೆದಿದ್ದರು. ಹಿಮೋಗ್ಲೋಬಿನ್ ಕಡಿಮೆಯಿರುವುದಕ್ಕೆ ಕಬ್ಬಿಣಾಂಶ ನೋಡಿಸಲು ಹೇಳಿದ್ದರು.

ಉತ್ತರದ ಕೊನೆಯಲ್ಲಿ ಒಂದು ಸಾಲಿತ್ತು: 2023ರ ಅಂಕೆ ಸಿಕ್ಕಿದ್ದರಿಂದ ಅನುಕೂಲವಾಯಿತು.

ಆ ಸಾಲನ್ನು ಮೇಷ್ಟ್ರಿಗೆ ಓದಿ ಹೇಳಿದೆ. ಮುಂದಿನ ಸಲ ಬಂದಾಗ ಬಟ್ಟೆ ಅಂಗಡಿಯ ಕವರು ಇರಲಿಲ್ಲ. ಇನ್ನೂರು ಪುಟದ ನೋಟ್ ಪುಸ್ತಕ ತಂದಿದ್ದರು. ಮೊದಲ ಪುಟದಲ್ಲಿ, ಹಾಜರಿ ಪುಸ್ತಕಕ್ಕೆ ಗೆರೆ ಹಾಕುವ ಹಾಗೆ ಸ್ಕೇಲಿಟ್ಟು ಗೆರೆ ಎಳೆದು, ತಾರೀಖು, ಲ್ಯಾಬು, ಕ್ರಿಯಾಟಿನಿನ್, ಪೊಟ್ಯಾಸಿಯಂ ಎಂದು ನಾಲ್ಕು ಅಂಕಣ ಮಾಡಿದ್ದರು. ಐದನೆಯ ಅಂಕಣಕ್ಕೆ 'ಆಗ ನುಂಗುತ್ತಿದ್ದ ಮಾತ್ರೆಗಳು' ಎಂದು ತಲೆಬರಹ. ಜೂನ್ 2025ರ 1.9ರ ಎದುರಿಗೆ 'ಮಂಡಿ ನೋವಿನದು' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಕಣ್ಣಿನ ಆಪರೇಷನ್ನಿನ ಹರಿದ ಚೀಟಿಯನ್ನು ಎದುರಿನ ಪುಟಕ್ಕೆ ಅಂಟಿಸಿದ್ದರು.